ಹೊಡೆದುಹಾಕಿದ ಮೂವತ್ತು ಅಂಕದ ಪ್ರಶ್ನೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು. ಅದರ ಜೊತೆಗೆ ನನಗೆ ಇನ್ನೊಂದು ರೋಗವೂ ಇತ್ತು. ಯಾರಾದರೂ ಏನಾದರೂ ಕೇಳುವ ಮೊದಲೇ ಉತ್ತರ ಹೇಳಿಬಿಡುವುದು. ಕೋಪ ಈಗ ಸ್ವಲ್ಪ ಇಳಿದಿದೆ. ಎರಡನೆಯದು ಇಳಿಯುವುದಕ್ಕೆ ಕಾರಣ ನಮ್ಮತ್ತಿಗೆ, ಮತ್ತು ಅವಳು ಎರಡು ಸಲ ಬರೆದ ಒಂದು ಸ್ಟಾಟಿಸ್ಟಿಕ್ಸ್ ಪೇಪರು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮೂರು ಶೆಟ್ಟಿಕೆರೆಗೆ ಹತ್ತಿರ. ನಾನು ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ, ಗಣಿತ ಮತ್ತು ಸ್ಟಾಟಿಸ್ಟಿಕ್ಸ್ ತೆಗೆದುಕೊಂಡಿದ್ದೆ. ಬೆಳಗಿನ ಬಸ್ಸಿಗೆ ಹೋಗಿ ಸಾಯಂಕಾಲದ ಬಸ್ಸಿಗೆ ಬರುತ್ತಿದ್ದೆ. ಊರಿನಲ್ಲಿ ಅಷ್ಟು ಓದಿದ ಹೆಣ್ಣುಮಗಳು ನಾನೊಬ್ಬಳೇ ಅಂತ ನೆಲದ ಮೇಲೆ ಕಾಲೇ ಊರುತ್ತಿರಲಿಲ್ಲ. ಅಷ್ಟರಲ್ಲಿ ಅಣ್ಣನಿಗೆ ಮದುವೆಯಾಗಿ ಅತ್ತಿಗೆ ಬಂದಳು. ಅವಳು ದಬ್ಬೇಘಟ್ಟದ ಕಡೆಯವಳು, ನಾಲೆ ನೀರು ಕಂಡ ಗದ್ದೆ ಸೀಮೆಯವಳು. ಬಿ.ಎ. ಓದಿದ್ದಳು. ಎಲ್ಲಾ ಪಾಸಾಗಿ ಸ್ಟಾಟಿಸ್ಟಿಕ್ಸ್ ಒಂದು ಪೇಪರು ಮಾತ್ರ ಉಳಿದಿತ್ತು. ಆ ಪೇಪರಿನ ಪರೀಕ್ಷೆ ದಿನವೇ ಅವಳಿಗೆ ಜ್ವರ ಬಂದು ಕೂರುವುದಕ್ಕಾಗಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಆಮೇಲೂ ಬರೆದಿರಲಿಲ್ಲ.

ಆ ಒಂದು ಪೇಪರಿಗೆ ಯಾಕೆ ಇಷ್ಟು ಬೆಲೆ ಬಂತು ಅಂದರೆ, ಚಿಕ್ಕನಾಯಕನಹಳ್ಳಿಯ ಒಂದು ಖಾಸಗಿ ಶಾಲೆಯವರು ಬಿ.ಎ. ಆದ ಒಬ್ಬ ಮೇಡಂ ಬೇಕು ಅಂತ ಹುಡುಕುತ್ತಿದ್ದರು. ಶಾಲೆ ನಡೆಸುತ್ತಿದ್ದ ಯಜಮಾನರು ನಮ್ಮಪ್ಪನಿಗೆ ಗೊತ್ತಿದ್ದವರು. ಅಪ್ಪ ಒಂದು ಮಾತು ಹಾಕಿದ್ದಕ್ಕೆ, "ಪಾಸ್ ಮಾಡ್ಕೊಂಡು ಬರಲಿ, ಜಾಗ ಇಟ್ಟಿರ್ತೀನಿ" ಅಂದಿದ್ದರು. ಅತ್ತಿಗೆಗೆ ಮೇಷ್ಟ್ರಾಗುವ ಆಸೆ ಎಷ್ಟಿತ್ತು ಅಂದರೆ, ದನದ ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಅ ಆ ಇ ಈ ಬರೆದು ಪಕ್ಕದ ಮನೆಯ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಅವ್ವನಿಗೆ ಇದು ಹಿಡಿಸುತ್ತಿರಲಿಲ್ಲ. ಆದರೆ ಅಪ್ಪನ ಎದುರು ಅವ್ವ ಬೇಡ ಅನ್ನಲಿಲ್ಲ. "ಒಂದು ಸಲ ಬರೀಲಿ, ನೋಡಾನ" ಅಂದಳು.

ಓದಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಬಿತ್ತು ಅನ್ನುವುದು ಸುಳ್ಳು, ನಾನೇ ಮೈಮೇಲೆ ಎಳೆದುಕೊಂಡೆ. ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ನಾವಿಬ್ಬರೂ ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತಿದ್ದೆವು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಒಂದು ವರ್ಷ ಅಲ್ಲೇ ಒಣಗಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಅನ್ನುವವರೆಗೆ ಅವು ಅಲ್ಲೇ ಇರಬೇಕು. ಮೂಲೆಯಲ್ಲಿ ಇಬ್ಬರು ಕೂರುವಷ್ಟು ಜಾಗ ಮಾಡಿಕೊಂಡು, ಕಿಂಡಿಯ ಬೆಳಕಿಗೆ ಪುಸ್ತಕ ಹಿಡಿಯುತ್ತಿದ್ದೆವು. ಕೆಳಗಿನ ಒಲೆಯ ಹೊಗೆ ಮೇಲೆ ಬಂದು ಕಣ್ಣು ಉರಿಯುತ್ತಿತ್ತು. ಸಹಸಂಬಂಧ ಗುಣಾಂಕ ಅಂದರೆ ಎರಡು ಅಂಕಿಸಾಲುಗಳ ನಂಟಿನ ಅಳತೆ ಅಂತ ನಾನು ಹೇಳುವುದು, ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು. ಕೆಳಗಿನಿಂದ ನೋಡಿದವರಿಗೆ ನಾನು ಅವಳನ್ನು ಅಳಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಪೇಪರಿನ ಪದ್ಧತಿ ಇಷ್ಟು. ಆರು ಪ್ರಶ್ನೆ, ಅದರಲ್ಲಿ ನಾಲ್ಕು ಬರೆಯಬೇಕು. ಮೂರು ಗಂಟೆ, ನೂರು ಅಂಕ, ಪಾಸಾಗಲು ಮೂವತ್ತೈದು. ಆದರೆ ಆರೂ ಪ್ರಶ್ನೆಗಳ ಅಂಕ ಒಂದೇ ಸಮ ಇರಲಿಲ್ಲ. ಒಂದಕ್ಕೆ ಮೂವತ್ತು, ಎರಡಕ್ಕೆ ಇಪ್ಪತ್ತೈದು ಇಪ್ಪತ್ತೈದು, ಇನ್ನೆರಡಕ್ಕೆ ಇಪ್ಪತ್ತು ಇಪ್ಪತ್ತು, ಕೊನೆಯದಕ್ಕೆ ಹದಿನೈದು. ದೊಡ್ಡ ಮೂರನ್ನೂ ಒಂದು ಇಪ್ಪತ್ತನ್ನೂ ಬರೆದವರಿಗೆ ಮಾತ್ರ ನೂರಕ್ಕೆ ನೂರು ಸಿಕ್ಕೀತು. ಸುಲಭ ಅಂತ ಹದಿನೈದಕ್ಕೆ ಕೈ ಹಾಕಿದರೆ ಅಲ್ಲೇ ಐದು ಅಂಕ ಬಿಟ್ಟುಕೊಟ್ಟ ಹಾಗೆ. ನನಗೆ ಇದು ಬಾಯಿಪಾಠ. ಹಳೇ ಪೇಪರುಗಳ ಪ್ರಶ್ನೆಗಳನ್ನು ಕಾಲೇಜಿನಲ್ಲಿ ಕೂತು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದಿದ್ದೆ. ಪ್ರಶ್ನೆ ಮಾತ್ರ ಇಳಿಸಿದ್ದೆ. ನೆತ್ತಿಯ ಮೇಲಿನ ಸೂಚನೆಗಳನ್ನು ಯಾರು ಬರೆದುಕೊಳ್ಳುತ್ತಾರೆ!

"ದೊಡ್ಡದನ್ನ ಮೊದಲು ಹಿಡಿ ಅತ್ತಿಗೆ" ಅಂದೆ. "ಮೂವತ್ತರದು ಒಂದು ಬಂದ್ರೆ ಮುಕ್ಕಾಲು ಪಾಸಾದಂಗೆ."

"ಅರ್ಧಕ್ಕೆ ನಿಂತೋದ್ರೆ?" ಅಂತ ಕೇಳಿದಳು. ಅವಳು ಕೇಳುವುದೇ ಕಮ್ಮಿ. ಆ ದಿನ ಕೇಳಿದ್ದಳು.

ಪಕ್ಕದಲ್ಲೇ ಕಾಯಿ ರಾಶಿ ಇತ್ತಲ್ಲ, ನನಗೆ ಉಪಮೆ ಸಿಕ್ಕೇಬಿಟ್ಟಿತು. ನಮ್ಮ ಕಡೆ ಉಂಡೆ ಕೊಬ್ಬರಿಗೇ ಬೆಲೆ. ಚಿಪ್ಪು ಒಡೆಯುವಾಗ ಒಳಗಿನ ಉಂಡೆ ಇಡಿಯಾಗಿ ಹೊರಗೆ ಬರಬೇಕು. ಮಚ್ಚಿನ ಏಟು ಒಂದು ಕೂದಲೆಳೆ ಜೋರಾಗಿ ಬಿದ್ದು ಉಂಡೆ ಸೀಳಿದರೆ, ಅದು ಎಷ್ಟೇ ದಪ್ಪ ಇರಲಿ, ಒಡಕಿನ ಗುಡ್ಡೆಗೆ ಹೋಗುತ್ತದೆ. ನಿಂಬೆಹಣ್ಣಿನಷ್ಟು ಚಿಕ್ಕ ಉಂಡೆಯೂ ಅದಕ್ಕಿಂತ ಮೇಲು. ಗದ್ದೆ ಸೀಮೆಯ ಅತ್ತಿಗೆಗೆ ಈ ಕೆಲಸ ಗೊತ್ತಿರಲಿಲ್ಲ. ಬಂದ ಹೊಸತರಲ್ಲಿ ಒಂದು ಬುಟ್ಟಿಯಲ್ಲಿ ಅರ್ಧಕ್ಕರ್ಧ ಒಡೆದಿಟ್ಟು ಅವ್ವನ ಹತ್ತಿರ ಎಲ್ಲರೆದುರಿಗೆ ಬೈಸಿಕೊಂಡಿದ್ದಳು.

"ಅರ್ಧ ಆದದ್ದನ್ನ ಪೇಪರಿನಲ್ಲಿ ಬುಟ್ಟು ಬರಬ್ಯಾಡ" ಅಂದೆ. "ಒಡಕು ಕೊಬ್ಬರಿ ಮೇಲಿದ್ರೆ ಒಳ್ಳೇ ಉಂಡೆಗೂ ಬೆಲೆ ಕಟ್ಟಲ್ಲ. ಅಡ್ಡಗೀಟು ಎಳೆದು ಹೊಡೆದಾಕಿ, ಚಿಕ್ಕದೇ ಆಗ್ಲಿ, ಪೂರ್ತಿ ಬರೋದನ್ನ ಬರಿ. ನಾಲ್ಕು ಅಂದ್ರೆ ನಾಲ್ಕೇ ಇರ್ಬೇಕು."

ಅವಳು ತಲೆಯಾಡಿಸಿದಳು. ನನ್ನ ಮಾತು ನನಗೇ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಸಾಯಂಕಾಲ ಅಪ್ಪನಿಗೂ ಒಂದು ಸಲ ಹೇಳಿದೆ.

ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದು ಬಂದಳು. ಜೂನ್‌ನಲ್ಲಿ ಫಲಿತಾಂಶ ಬಂತು. ಮೂವತ್ತೊಂದು. ನಾಲ್ಕು ಅಂಕಕ್ಕೆ ಫೇಲು.

ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತವಳು, "ತಲೆಗೆ ಹತ್ತದೇ ಇರೋದಕ್ಕೆ ಬಡಕಂಡು ಏನು ಬಂತು. ನಾದಿನಿ ಅಷ್ಟು ಹೇಳಿಕೊಟ್ಟಳು, ಪಾಪ" ಅಂದಳು. ಅತ್ತಿಗೆ ಒಲೆಯ ಮುಂದೆ ಇದ್ದಳು, ತಿರುಗಿ ನೋಡಲಿಲ್ಲ. ಅಣ್ಣ ತೋಟಕ್ಕೆ ಹೊರಟುಹೋದ. ಪಾಪ ಅನ್ನಿಸಿಕೊಂಡವಳು ನಾನು! ನನಗೂ ಅವಳ ಮೇಲೆ ಸಿಟ್ಟೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಹೇಳಿಕೊಟ್ಟೂ ಫೇಲಾದಳಲ್ಲ ಅಂತ.

ಮಾರನೇ ದಿನ ಅವಳ ಟ್ರಂಕಿನಿಂದ ಆ ಪ್ರಶ್ನೆಪತ್ರಿಕೆ ಇಸಕೊಂಡು ಅಟ್ಟಕ್ಕೆ ಹೋದೆ. ಎಲ್ಲಿ ಕೆಡಿಸಿದಳು ಅಂತ ನೋಡಿ, ನಾಲ್ಕು ಮಾತು ಅನ್ನಬೇಕು ಅಂತಲೇ ಹೋದದ್ದು. ಅವಳೂ ಬಂದಳು. ಏನೇನು ಬರೆದೆ ಹೇಳು ಅಂದೆ. ಮೊದಲು ಮೂವತ್ತರ ಪ್ರಶ್ನೆ ಹಿಡಿದಳಂತೆ. ಎರಡು ಪುಟ ಕೋಷ್ಟಕ ಹಾಕಿ, ವರ್ಗ, ಗುಣಲಬ್ಧ, ಮೊತ್ತ ಎಲ್ಲಾ ತೆಗೆದು, ಸಹಸಂಬಂಧದ ಗುಣಾಂಕವನ್ನೂ ಕಂಡುಹಿಡಿದಳಂತೆ. ಆಮೇಲೆ ಹಿಂಚಲನ, ಅಂದರೆ ರಿಗ್ರೆಶನ್ ರೇಖೆಗಳ ಸಮೀಕರಣ ಬರೆಯಬೇಕಿತ್ತು, ಅದು ನೆನಪಿಗೆ ಬರಲಿಲ್ಲ. ಹದಿನೈದರದನ್ನೂ ಎರಡು ಇಪ್ಪತ್ತರವನ್ನೂ ಬರೆದಳು. ಕೊನೆಗೆ ಅರ್ಧ ಗಂಟೆ ಉಳಿದಿತ್ತು. ಮೂವತ್ತರದರ ಮೇಲೆ ಮೂಲೆಯಿಂದ ಮೂಲೆಗೆ ಗೀಟೆಳೆದು, ಅದರ ಬದಲಿಗೆ ಸೂಚ್ಯಂಕದ ಇಪ್ಪತ್ತೈದು ಅಂಕದ ಪ್ರಶ್ನೆಯನ್ನು ಹೇಗೋ ತುದಿ ಮುಟ್ಟಿಸಿದಳು.

"ಪೂರ್ತಿ ಬರೆದೆ" ಅಂದಳು. "ಸರಿ ಇತ್ತೋ ಇಲ್ವೋ ಗೊತ್ತಿಲ್ಲ."

ನಾನು ಪತ್ರಿಕೆಯನ್ನು ಕಿಂಡಿಯ ಹತ್ತಿರ ಹಿಡಿದೆ. ಪ್ರಶ್ನೆಗಳ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಮೊದಲು ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ಒಂದು ಸೂಚನೆ ಇತ್ತು. ಯಾವುದಾದರೂ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ, ನಾಲ್ಕಕ್ಕಿಂತ ಹೆಚ್ಚು ಉತ್ತರಿಸಿದಲ್ಲಿ ಹೆಚ್ಚು ಅಂಕ ಪಡೆದ ನಾಲ್ಕನ್ನು ಪರಿಗಣಿಸಲಾಗುವುದು.

ಪತ್ರಿಕೆಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡೆ. ಅತ್ತಿಗೆಗೆ ಏನೂ ಹೇಳಲಿಲ್ಲ. ಮಾರನೇ ದಿನ ಕಾಲೇಜಿನಲ್ಲಿ ನಮ್ಮ ಸ್ಟಾಟಿಸ್ಟಿಕ್ಸ್ ಮೇಷ್ಟ್ರನ್ನು ಹಿಡಿದೆ. ಅವರು ಪ್ರತಿ ವರ್ಷ ಮೌಲ್ಯಮಾಪನಕ್ಕೆ ಹೋಗುತ್ತಿದ್ದವರು. ನಮ್ಮ ಪೈಕಿ ಒಬ್ಬರು ಹೀಗೆ ಬರೆದಿದ್ದಾರೆ ಸಾರ್ ಅಂತ ಹೆಸರು ಹೇಳದೆ ಕೇಳಿದೆ.

"ಐದು ಬರೆದ್ರೆ ಐದಕ್ಕೂ ಅಂಕ ಹಾಕ್ತೀವಮ್ಮ" ಅಂದರು. "ಕಡಿಮೆ ಬಂದದ್ದನ್ನ ಕೈಬಿಟ್ಟು ನಾಲ್ಕನ್ನ ಕೂಡಿಸ್ತೀವಿ. ಆದ್ರೆ ಅವರೇ ಹೊಡೆದುಹಾಕಿದ್ದನ್ನ ನಾವು ಓದೋ ಹಾಗಿಲ್ಲ. ಕೋಷ್ಟಕ ಸರಿಯಾಗಿ ಹಾಕಿ ಗುಣಾಂಕದವರೆಗೆ ಬಂದಿದ್ರೆ ಮೂವತ್ತಕ್ಕೆ ಹದಿನಾಲ್ಕೋ ಹದಿನೈದೋ ಕೊಡ್ತಿದ್ವಿ. ಯಾರು ಹೇಳಿದ್ರು ಹೊಡೆದುಹಾಕೋಕೆ?"

ಗೊತ್ತಿಲ್ಲ ಸಾರ್ ಅಂದೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ತಪ್ಪುತಪ್ಪಾಗಿ ಮುಗಿಸಿದ ಸೂಚ್ಯಂಕಕ್ಕೆ ಅವಳಿಗೆ ಆರೋ ಏಳೋ ಬಂದಿರಬಹುದು. ಅದರ ಬದಲಿಗೆ ಹದಿನಾಲ್ಕು ಕೂಡಿದ್ದರೆ ಮೂವತ್ತೆಂಟರ ಹತ್ತಿರ ಆಗುತ್ತಿತ್ತು. ಮೂವತ್ತರಲ್ಲಿ ಅರ್ಧ ಅಂದರೆ ಹದಿನೈದರಲ್ಲಿ ಪೂರ್ತಿ. ಈ ಸಣ್ಣ ಲೆಕ್ಕ ಗಣಿತದ ಹುಡುಗಿಗೆ ಹೊಳೆಯಲಿಲ್ಲ. ಉತ್ತರ ಅರ್ಧಕ್ಕೆ ಒಡೆದರೂ ಬರೆದಷ್ಟರ ತೂಕ ಹಾಗೇ ಇರುತ್ತದೆ, ಅದು ಕೊಬ್ಬರಿಯಲ್ಲ. ಇನ್ನೂ ಒಂದು ತಪ್ಪು ಮಾಡಿದ್ದೆ. ನಾನು ಯಾವಾಗಲೂ ನೂರಕ್ಕೆ ನೂರು ಬೇಕು ಅಂತ ಪ್ರಶ್ನೆ ಆರಿಸುವವಳು, ಅವಳಿಗೆ ಬೇಕಾಗಿದ್ದದ್ದು ಮೂವತ್ತೈದು. ನನ್ನ ಹೊಟ್ಟೆಯ ಅಳತೆಯಲ್ಲಿ ಅವಳಿಗೆ ಬಡಿಸಿದ್ದೆ.

ಮನೆಗೆ ಬಂದು ನಿಜ ಹೇಳಿದೆನೇ? ಇಲ್ಲ. ಆ ಸೂಚನೆಯ ಸಾಲನ್ನು ತೋರಿಸಿ, "ನೋಡು ಅತ್ತಿಗೆ, ಹೊಸದೊಂದು ಗೊತ್ತಾಯ್ತು, ಐದು ಬರೀಬಹುದಂತೆ, ಯಾವುದನ್ನೂ ಹೊಡೆದುಹಾಕಬಾರದಂತೆ" ಅಂದೆ. ಯಾರೋ ಪಕ್ಕದ ಊರಿನವರು ತಪ್ಪು ಹೇಳಿದ್ದರು ಅನ್ನುವ ಹಾಗೆ. "ಹಂಗಾ?" ಅಂದಳು, ಅಷ್ಟೇ. ಅವಳು ಅವ್ವನ ಹತ್ತಿರ ಹೋಗಿ, ನಿಮ್ಮ ಮಗಳೇ ಹೊಡೆದುಹಾಕು ಅಂದಳು ಅಂತ ಒಂದು ಮಾತು ಹೇಳಬಹುದಿತ್ತು. ಹೇಳುತ್ತಾಳೇನೋ ಅಂತ ನಾನು ಒಂದು ವಾರ ಕಳ್ಳಬೆಕ್ಕಿನ ಹಾಗೆ ಓಡಾಡಿದೆ. ಅವಳು ಹೇಳಲಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಇತ್ತು. ಶಾಲೆಯ ಯಜಮಾನರು, ಸಂಕ್ರಾಂತಿವರೆಗೆ ನೋಡ್ತೀನಿ, ಆಮೇಲೆ ಕಾಯೋಕಾಗಲ್ಲ ಅಂತ ಹೇಳಿ ಕಳಿಸಿದರು. ಅವ್ವನೂ ಇದೇ ಕೊನೇ ಸಲ ಅಂದಳು.

ಈ ಸಲ ನಾನು ಹೇಳುವುದನ್ನು ಕಮ್ಮಿ ಮಾಡಿ ಅವಳನ್ನು ಕೇಳುವುದನ್ನು ಜಾಸ್ತಿ ಮಾಡಿದೆ. ಪೇಪರು ಕೈಗೆ ಬಂದ ತಕ್ಷಣ ಬರೆಯಬಾರದು, ಮೊದಲ ಹತ್ತು ನಿಮಿಷ ಆರನ್ನೂ ಓದಬೇಕು ಅಂತ ಗೊತ್ತುಮಾಡಿಕೊಂಡೆವು. ಪ್ರಶ್ನೆಪತ್ರಿಕೆಯ ಮೇಲೆ ಏನೂ ಬರೆಯುವಂತಿಲ್ಲ, ಉತ್ತರ ಪುಸ್ತಕದ ಕೊನೇ ಪುಟದಲ್ಲಿ ಕಚ್ಚಾ ಲೆಕ್ಕದ ಜಾಗದಲ್ಲಿ ಆರು ಸಂಖ್ಯೆ ಬರೆದುಕೊಳ್ಳುವುದು. ಒಂದೊಂದರ ಮುಂದೆ ಅಚ್ಚಾದ ಅಂಕವನ್ನಲ್ಲ, ತನಗೆ ಎಷ್ಟು ಬಂದೀತು ಅನ್ನುವುದನ್ನು ಬರೆಯುವುದು. ಅದರಲ್ಲಿ ಹೆಚ್ಚು ಬಂದ ನಾಲ್ಕನ್ನು ಆರಿಸುವುದು, ಚೆನ್ನಾಗಿ ಗೊತ್ತಿರುವುದನ್ನು ಮೊದಲು ಬರೆಯುವುದು. ಮೂವತ್ತಕ್ಕೆ ಐವತ್ತು ನಿಮಿಷ, ಇಪ್ಪತ್ತೈದಕ್ಕೆ ನಲವತ್ತು, ಇಪ್ಪತ್ತಕ್ಕೆ ಮೂವತ್ತು, ಹದಿನೈದಕ್ಕೆ ಇಪ್ಪತ್ತೈದು. ಹೊತ್ತು ಮುಗಿದರೆ ಅರ್ಧಕ್ಕೇ ಬಿಟ್ಟು, ಜಾಗ ಖಾಲಿ ಇಟ್ಟು, ಮುಂದಕ್ಕೆ ಹೋಗುವುದು. ಕೊನೆಗೆ ಉಳಿದ ನಿಮಿಷದಲ್ಲಿ ಐದನೆಯದಕ್ಕೆ ಕೈ ಹಾಕುವುದು. ಅಣ್ಣನ ಕೈಗಡಿಯಾರವನ್ನು ಇಟ್ಟುಕೊಂಡು ಅಟ್ಟದ ಮೇಲೆ ಮೂರು ಭಾನುವಾರ ಹಾಗೆ ಬರೆದಳು. ಮೊದಲ ಭಾನುವಾರ, ಅರ್ಧಕ್ಕೆ ಬಿಡು ಅಂದಾಗ ಅವಳ ಪೆನ್ನು ಹಾಳೆಯಿಂದ ಏಳಲೇ ಇಲ್ಲ.

"ಹಿಂಗೆ ಬುಟ್ರೆ ಅಸಹ್ಯ ಕಾಣ್ತದೆ ಕಣೇ" ಅಂದಳು.

"ಕಾಣ್ಲಿ ಬುಡು" ಅಂದೆ. "ಹಬ್ಬಕ್ಕೆ ರಂಗೋಲಿ ಹಾಕ್ತಿದೀಯಾ?"

ಪರೀಕ್ಷೆ ದಿನ ನಾನೂ ಅವಳ ಜೊತೆ ಹೋಗಿ ಕಾಲೇಜಿನ ಹೊರಗಡೆ ಕಟ್ಟೆಯ ಮೇಲೆ ಕೂತಿದ್ದೆ. ಮೂರು ಗಂಟೆ ಹೊತ್ತು ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ಅಂತ ಆವತ್ತು ತಿಳಿಯಿತು. ಗಂಟೆ ಹೊಡೆದು ಎಲ್ಲರೂ ಬಂದ ಮೇಲೆ ಕೊನೆಯಲ್ಲಿ ಬಂದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಒಂದೊಂದೇ ಹೇಳಿದಳು.

ಮೂವತ್ತರದು ಈ ಸಲ ಸೂಚ್ಯಂಕ. ಬೆಲೆ ಮತ್ತು ಪ್ರಮಾಣದ ನಾಲ್ಕು ಸಾಲು ಗುಣಿಸಿ, ಕೇಳಿದ್ದ ಮೂರೂ ಸೂಚ್ಯಂಕ ತೆಗೆದಿದ್ದಳು. ಅವುಗಳ ಪರೀಕ್ಷೆ ಮಾಡಿ ತೋರಿಸಿ ಅಂತ ಇದ್ದ ಭಾಗ ಬಂದಿರಲಿಲ್ಲ, ಅಲ್ಲಿಗೇ ಬಿಟ್ಟಿದ್ದಳು. ಹದಿನೈದರದು, ಒಂದು ಇಪ್ಪತ್ತರದು, ಚಲಿಸುವ ಸರಾಸರಿಯ ಇಪ್ಪತ್ತೈದರದು ಬರೆದಿದ್ದಳು. ಇಪ್ಪತ್ತೈದು ನಿಮಿಷ ಉಳಿದಿತ್ತು, ಸಹಸಂಬಂಧದ ಇನ್ನೊಂದು ಇಪ್ಪತ್ತೈದರದನ್ನೂ ಅವಸರದಲ್ಲಿ ಕೊನೆ ಮುಟ್ಟಿಸಿದ್ದಳು, ಗುಣಾಂಕ ಒಂದಕ್ಕಿಂತ ಹೆಚ್ಚಿಗೆ ಬಂದಿತ್ತಂತೆ. ಸಹಸಂಬಂಧದ ಗುಣಾಂಕ ಒಂದನ್ನು ದಾಟುವುದೇ ಇಲ್ಲ. ತಪ್ಪಾಯಿತು ಅಂತ ಅವಳಿಗೂ ಗೊತ್ತಿತ್ತು.

"ಆಮೇಲೆ?" ಅಂದೆ.

"ಕೊಠಡಿ ಕಾಯೋ ಮೇಷ್ಟ್ರು ಬಂದ್ರು. ಬೇರೆ ಸಬ್ಜೆಕ್ಟಿನವರು, ಒಳ್ಳೇ ಮನುಷ್ಯ. ನನ್ನ ಪೇಪರ್ ತಿರುವಿ ನೋಡಿ, ನಾಲ್ಕೇ ಅಲ್ವೇನಮ್ಮ ಬರೀಬೇಕಾದ್ದು, ಐದು ಬರೆದಿದೀಯ, ಆ ಅರ್ಧಂಬರ್ಧ ಇರೋದನ್ನ ಹೊಡೆದಾಕು, ಟೈಮಾಯ್ತು ಅಂದ್ರು. ಪಾಪ, ನನ್ನ ಒಳ್ಳೇದಕ್ಕೇ ಅಂದಿದ್ದು."

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. "ಹೊಡೆದಾಕಿದ್ಯಾ?"

"ಇಲ್ಲ. ಪೇಪರಿನ ಮೇಲಿನ ಸಾಲಿಗೆ ಬೆರಳಿಟ್ಟು, ಇದನ್ನ ಓದಿ ಸಾರ್ ಅಂದೆ. ಓದಿದ್ರು. ಹೌದಲ್ಲಮ್ಮ ಅಂತ ಪೇಪರ್ ಇಸಕೊಂಡು ಹೋದ್ರು." ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಏನಂದ್ಕೊಂಡ್ರೋ ಏನೋ ಕಣೇ. ಮೇಷ್ಟ್ರಿಗೆ ಎದುರಾಡ್ದಂಗೆ ಆಯ್ತಲ್ಲ."

ಡಿಸೆಂಬರಿನ ಕೊನೆಯಲ್ಲಿ ಫಲಿತಾಂಶ ಬಂತು. ಕಾಲೇಜಿನ ಬೋರ್ಡಿನಲ್ಲಿ ನೋಡಿ, ಬಸ್ಸು ಇಳಿದು ಮನೆವರೆಗೆ ಓಡಿಕೊಂಡೇ ಬಂದೆ. ಅವ್ವ ಮತ್ತು ಅತ್ತಿಗೆ ಹಿಂದಿನ ಅಂಗಳದಲ್ಲಿ ಚಿಪ್ಪು ಒಡೆಯುತ್ತಾ ಕೂತಿದ್ದರು.

"ಮೂವತ್ತೆಂಟು!" ಅಂತ ಕೂಗಿದೆ. "ಪಾಸು ಅತ್ತಿಗೆ, ಪಾಸು!"

ಅತ್ತಿಗೆಯ ಕೈಯ ಮಚ್ಚು ಸ್ವಲ್ಪ ಜೋರಾಗಿ ಬಿದ್ದು ಉಂಡೆ ಎರಡು ಹೋಳಾಯಿತು. ಅವ್ವ ಬೈಯದೆ ಒಂದು ಹೋಳನ್ನು ಎತ್ತಿ ಅತ್ತಿಗೆಯ ಬಾಯಿಗೆ ಇಟ್ಟಳು, ಇನ್ನೊಂದು ಹೋಳು ನನಗೆ ಕೊಟ್ಟಳು. "ಓದ್ಸಿದೋಳೂ ತಿನ್ನು" ಅಂದಳು.

ಆ ಕೊಬ್ಬರಿಯನ್ನು ಬಾಯಿಗಿಡದೆ ಬುಟ್ಟಿಯ ಮೇಲಿಟ್ಟೆ. ಆರು ತಿಂಗಳಿನಿಂದ ಬಚ್ಚಿಟ್ಟುಕೊಂಡಿದ್ದದ್ದು ಅಲ್ಲೇ ಹೊರಗೆ ಬಂತು. "ಅವ್ವ, ಹೋದ ಸಲ ಅತ್ತಿಗೆ ಫೇಲಾಗಿದ್ದು ನನ್ನಿಂದ" ಅಂದೆ. "ಅರ್ಧ ಆಗಿದ್ದನ್ನ ಹೊಡೆದಾಕು ಅಂತ ನಾನೇ ಹೇಳಿದ್ದೆ. ಅವಳು ಬಿಟ್ಟು ಬಂದಿದ್ರೆ ಆವಾಗ್ಲೇ ಪಾಸಾಗ್ತಿದ್ಲು. ಪೇಪರಿನ ಮೇಲೆ ಬರೆದಿತ್ತು, ನಾನು ಓದೇ ಇರಲಿಲ್ಲ." ಹೇಳುತ್ತಾ ಹೇಳುತ್ತಾ ಅಳು ಬಂತು. ಕೋಪಿಷ್ಠರು ಅತ್ತರೆ ನೋಡುವುದಕ್ಕೆ ಚೆನ್ನಾಗಿರುವುದಿಲ್ಲ.

ಅವ್ವ ಮಚ್ಚು ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ, ಸೊಸೆಯ ಕಡೆ ನೋಡಿದಳು. "ಇಷ್ಟು ದಿನ ನನ್ ಕೈಲಿ ಅನ್ನಿಸ್ಕೊಂಡು ಸುಮ್ನಿದ್ಯಲ್ಲೇ" ಅಂದಳು. ಅಷ್ಟು ಹೇಳಿ ಎದ್ದು, ಅಪ್ಪನಿಗೆ ತಿಳಿಸಲು ತೋಟದ ಕಡೆ ಹೋದಳು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. "ಅತ್ತಿಗೆ, ಆ ಸೂಚನೆ ನಿಂಗೂ ಕಾಣಲಿಲ್ವಾ ಆವತ್ತು?" ಅಂದೆ. ಸ್ವಲ್ಪ ತಪ್ಪನ್ನಾದರೂ ಅವಳ ತಲೆಗೆ ಹಂಚಿ ಹಗುರ ಮಾಡಿಕೊಳ್ಳೋಣ ಅಂತ ಇರಬೇಕು.

ಅವಳು ಇನ್ನೊಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಕಂಡಿತ್ತು ಕಣೇ. ಮೊದಲನೇ ಸಲವೇ ಓದಿದ್ದೆ. ಎರಡು ಸಲ ಓದಿದೆ. ಗೀಟು ಎಳೆಯೋಕೆ ಮುಂಚೆ ಇನ್ನೊಂದು ಸಲ ಓದಿದೆ" ಅಂದಳು. "ಆದ್ರೆ ನೀನು ಹೊಡೆದಾಕು ಅಂದಿದ್ಯಲ್ಲ. ನಿಂಗೆ ಗೊತ್ತಿಲ್ದೇ ಇರುತ್ತಾ ಅಂದ್ಕೊಂಡೆ."

ಕಾಯಿಯನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಏಟು ಹಾಕಿದಳು. ಉಂಡೆ ಇಡಿಯಾಗಿ ಹೊರಗೆ ಬಂತು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅವಳು ಕೇಳದೆಯೇ, ಚಿಪ್ಪುಗಳನ್ನು ಬುಟ್ಟಿಗೆ ತುಂಬತೊಡಗಿದೆ.